ಮಗಳ ದಿನಚರಿಯಲ್ಲಿ ಎಲ್ಲದಕ್ಕೂ ‘ಬೇಜಾರು’: ಬೇರೆ ಯಾವ ಪದ ಹೇಳಿಕೊಡಲಿ?

ಕುವೆಂಪುನಗರದ ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು 8ನೇ ತರಗತಿ. ಕನ್ನಡದ ಮೇಡಂ ದಿನಕ್ಕೆ ನಾಲ್ಕು ಸಾಲು ದಿನಚರಿ ಬರೆಯಲು ಹೇಳಿದ್ದಾರೆ. ನಿನ್ನೆ ಅವಳೇ ಓದಲು ಕೊಟ್ಟಳು. ಮಳೆಯಿಂದ ಆಟದ ಪೀರಿಯಡ್ ರದ್ದಾಯಿತು, ಬೇಜಾರು. ಗಣಿತದಲ್ಲಿ ಅಂಕ ಕಡಿಮೆ ಬಂತು, ಬೇಜಾರು. ಅಜ್ಜಿ ಟಿ. ನರಸೀಪುರಕ್ಕೆ ಹೊರಟುಬಿಟ್ಟರು, ಬೇಜಾರು. ಗೆಳತಿ ಬಸ್ಸಿನಲ್ಲಿ ಬೇರೆಯವಳ ಪಕ್ಕ ಕುಳಿತಳು, ಬೇಜಾರು. ಭಾನುವಾರ ಮಾಡಲು ಏನೂ ಇಲ್ಲ, ಅದಕ್ಕೂ ಬೇಜಾರು.

ಇವೆಲ್ಲ ಒಂದೇ ಭಾವ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ಯಾವುದಕ್ಕೆ ಯಾವ ಪದ ಎಂದು ಹೇಳಲು ಹೊರಟರೆ ನನಗೂ ‘ದುಃಖ’ ಬಿಟ್ಟು ಬೇರೇನೂ ನೆನಪಿಗೆ ಬರಲಿಲ್ಲ. ಮನೆಯಲ್ಲಿ ಆಡಿದರೆ ನಾಟಕದ ಮಾತಿನಂತೆ ಕೇಳಿಸದ ಪದಗಳು ಬೇಕು. ತಿಳಿದವರು ಹೇಳಿ.

ವಿಜಯನಗರ 2ನೇ ಹಂತ
ಮಗುವಿಗೆ ಅಷ್ಟೊಂದು ಬೇಜಾರಾಗಿದ್ದರೆ ವಾರಕ್ಕೊಮ್ಮೆ ಹೊರಗೆ ಕರೆದುಕೊಂಡು ಹೋಗಿ ಮೇಡಂ. ಕಾರಂಜಿ ಕೆರೆ ಇದೆ, ಮೃಗಾಲಯ ಇದೆ. ನಮ್ಮ ಹುಡುಗನಿಗೂ ಹೀಗೇ ಇತ್ತು, ಈಜಿಗೆ ಸೇರಿಸಿದ ಮೇಲೆ ಸರಿಹೋಯಿತು. ಮೊಬೈಲ್ ಕಡಿಮೆ ಮಾಡಿಸಿ.

ಕುವೆಂಪುನಗರದ ಅಮ್ಮ
ಧನ್ಯವಾದ ಸರ್, ಆದರೆ ಅವಳು ಚೆನ್ನಾಗಿಯೇ ಇದ್ದಾಳೆ. ನಾನು ಕೇಳಿದ್ದು ಪದಗಳ ಬಗ್ಗೆ.

ಮದ್ದೂರು ಮೇಷ್ಟ್ರು
‘ಬೇಜಾರು’ ಎಂಬುದು ‘ಬೇಸರ’ ಬಾಯಿಯಿಂದ ಬಾಯಿಗೆ ಹೋಗಿ ಕೆಟ್ಟ ರೂಪ. ಮೊದಲು ‘ಬೇಸರ’ ಎಂದು ಬರೆಯುವುದನ್ನು ರೂಢಿಸಿ. ಆಮೇಲೆ ಅಳಲು, ದುಗುಡ, ಕಳವಳ, ತಳಮಳ, ಹತಾಶೆ, ಖಿನ್ನತೆ, ವಿಷಾದ, ಇಂತಹ ಪದಗಳನ್ನು ದಿನಕ್ಕೊಂದರಂತೆ ವಾಕ್ಯದಲ್ಲಿ ಬಳಸಿ ಬರೆಯಿಸಿ. ನನ್ನ ತರಗತಿಯಲ್ಲಿ ಹೀಗೆಯೇ ಮಾಡಿಸುತ್ತೇನೆ. ಪದಸಂಪತ್ತು ಬೆಳೆದರೆ ಭಾವವೂ ತಾನಾಗಿಯೇ ತಿಳಿಯಾಗುತ್ತದೆ.

ನಿಘಂಟು ಹುಳು
ಮೇಷ್ಟ್ರೇ, ಅಲ್ಲಿ ಒಂದು ತಿದ್ದುಪಡಿ. ‘ಬೇಜಾರು’ ನಮ್ಮ ‘ಬೇಸರ’ ಕೆಟ್ಟು ಆದದ್ದಲ್ಲ. ಅದು ಪಾರಸಿಯ ‘ಬೇಜಾರ್’. ಖುಷಿ ಬಂದ ದಾರಿಯಲ್ಲೇ ಬಂದದ್ದು. ಅಲ್ಲಿ ಅದರ ಅರ್ಥ ರೋಸಿಹೋಗಿರುವುದು. ‘ಬೇಸರ’ ಹಳೆಯ ಕನ್ನಡದ್ದೇ, ತೆಲುಗಿನ ‘ವೇಸರು’ ಅದರ ನೆಂಟ. ಎರಡರ ದನಿಯೂ ಹತ್ತಿರ, ಅರ್ಥವೂ ಹತ್ತಿರ. ಹಾಗಾಗಿ ಒಂದರ ಕೆಲಸವನ್ನು ಇನ್ನೊಂದು ಮಾಡತೊಡಗಿತು.

ಅದಿರಲಿ. ಎಲ್ಲ ಕಡೆ ‘ಬೇಜಾರು’ ತೆಗೆದು ‘ಬೇಸರ’ ಹಾಕಿದರೆ ಈ ತಾಯಿಯ ಸಮಸ್ಯೆ ಇದ್ದಲ್ಲೇ ಇರುತ್ತದೆ. ಐದು ಸಂಗತಿಗೆ ಒಂದು ಪದ ಹೋಗಿ ಐದಕ್ಕೂ ಇನ್ನೊಂದು ಪದ ಬಂದಂತಾಯಿತು.

ಅಕ್ಕ, ಹೊಸ ಪದ ಹುಡುಕುವ ಮೊದಲು ಮಗು ‘ಬೇಜಾರಿ’ನ ಅಕ್ಕಪಕ್ಕ ಏನು ಇಡುತ್ತದೆ ಎಂದು ನೋಡಿ. ಕನ್ನಡ ಅಲ್ಲೇ ಅರ್ಧ ಉತ್ತರ ಕೊಟ್ಟಿರುತ್ತದೆ. ‘ಓದಿ ಓದಿ ಬೇಜಾರು ಬಂತು’ ಎಂದರೆ ಸಾಕಾಗಿದೆ ಎಂದು. ಕ್ರಿಯಾಪದ ಎರಡು ಸಲ ಬಂದಿರುವುದೇ ಗುರುತು, ಇನ್ನೂ ಬಿಗಿಯಾದರೆ ಅದು ‘ರೋಸಿಹೋಯಿತು’. ‘ಬೇಜಾರು ಕಳೆಯಲು ಟಿ.ವಿ. ಹಾಕಿದೆ’ ಎಂದರೆ ಹೊತ್ತು ಹೋಗುತ್ತಿಲ್ಲ ಎಂದು, ಅದರಲ್ಲಿ ನೋವಿನ ಸೋಂಕೂ ಇಲ್ಲ. ‘ಅವಳು ಹಾಗೆಂದಳಲ್ಲ, ಬೇಜಾರಾಯಿತು’ ಎಂದರೆ ನೊಂದುಕೊಂಡಿದ್ದಾಳೆ. ‘ಅವಳ ಮೇಲೆ ಬೇಜಾರು’ ಎಂದರೆ ಅದು ಮುನಿಸು. ಈ ‘ಮೇಲೆ’ ಎಲ್ಲ ಭಾವಕ್ಕೂ ಹತ್ತುವುದಿಲ್ಲ. ಕೋಪ, ಪ್ರೀತಿ, ಆಸೆ, ಹಗೆ, ಹೀಗೆ ಎದುರಿಗೆ ಒಬ್ಬರನ್ನೋ ಒಂದನ್ನೋ ಇಟ್ಟುಕೊಂಡ ಭಾವಕ್ಕೆ ಮಾತ್ರ ಬರುತ್ತದೆ. ‘ಗೆಳತಿಯ ಮೇಲೆ ದುಃಖ’ ಎಂದು ಯಾರೂ ಹೇಳುವುದಿಲ್ಲ.

ಇನ್ನು ‘ಬೇಜಾರು ಮಾಡಿಕೊಳ್ಳಬೇಡಿ’ ಎಂಬುದು ಬೇರೆಯೇ ವ್ಯವಹಾರ. ಸಾಲ ವಾಪಸ್ ಕೇಳುವವರೂ ಹಾಗೆನ್ನುತ್ತಾರೆ, ಕೊಡುವುದಿಲ್ಲ ಎನ್ನುವವರೂ ಹಾಗೆನ್ನುತ್ತಾರೆ.

ಧಾರವಾಡದಿಂದ ಮೈಸೂರಿಗೆ
ನಮ್ಮ ಕಡೆ ‘ಬ್ಯಾಸರ’ ಎನ್ನುವುದು ಹೆಚ್ಚು. ಮೈಸೂರಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯವರು ‘ನಿಮ್ಮ ಮೇಲೆ ಬೇಜಾರು’ ಎಂದಾಗ, ನನ್ನಿಂದ ರೋಸಿಹೋಗಿದ್ದಾರೆ ಎಂದುಕೊಂಡು ಕಂಗಾಲಾದೆ. ಊಟಕ್ಕೆ ಕರೆದಾಗ ಹೋಗಲಿಲ್ಲ ಎಂಬ ಸಣ್ಣ ಮುನಿಸು ಅಷ್ಟೇ ಆಗಿತ್ತು.

ಮದ್ದೂರು ಮೇಷ್ಟ್ರು
ಪದದ ಮೂಲ ಯಾವುದಾದರೂ ಆಗಲಿ, ಪಟ್ಟಿ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪದವೇ ಗೊತ್ತಿಲ್ಲದ ಮಗು ಅದನ್ನು ಆರಿಸುವುದು ಎಲ್ಲಿಂದ?

ಆಪ್ತಸಲಹೆ
ಮೈಸೂರಿನ ಶಾಲೆಯೊಂದರಲ್ಲಿ ಮಕ್ಕಳ ಆಪ್ತಸಮಾಲೋಚಕಿ ನಾನು. ಪದ ಬೇಕು ಎನ್ನುವುದರಲ್ಲಿ ಮೇಷ್ಟ್ರ ಪಕ್ಷ, ಆದರೆ ದಿನಕ್ಕೊಂದು ಪದ ಕೊಟ್ಟು ವಾಕ್ಯ ಮಾಡಿಸಿದರೆ ಮಗು ಪದಕ್ಕೆ ಒಪ್ಪುವ ಭಾವವನ್ನು ಕಟ್ಟಿ ಬರೆಯುತ್ತದೆ. ‘ಇಂದು ನನಗೆ ವಿಷಾದವಾಯಿತು’ ಎಂಬ ಸಾಲಿಗೆ ಅಂಕ ಬರುತ್ತದೆ. ಆ ಮಗುವಿಗೆ ಏನಾಗಿತ್ತು ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ನಾನು ಮಾಡುವುದು ಇದು. ಒಂದೇ ಒಂದು ಘಟನೆ ಎತ್ತಿಕೊಳ್ಳುತ್ತೇನೆ, ಅದೂ ಆ ದಿನದ್ದೇ ಆಗಿದ್ದರೆ ಒಳ್ಳೆಯದು. ಆಗ ಮೈಗೆ ಏನಾಯಿತು ಎಂದು ಕೇಳುತ್ತೇನೆ. ಮುಖ ಬಿಸಿಯಾಯಿತೋ, ಗಂಟಲು ಕಟ್ಟಿತೋ, ಕಾಲು ಭಾರವಾಯಿತೋ? ಆಮೇಲೆ, ಆ ಕ್ಷಣ ಏನು ಮಾಡಬೇಕೆನ್ನಿಸಿತು ಎಂದು. ಹೊಡೆಯಬೇಕೆನ್ನಿಸಿತೋ, ಅಲ್ಲಿಂದ ಓಡಿಹೋಗಬೇಕೆನ್ನಿಸಿತೋ, ಯಾರಾದರೂ ಬಂದು ಮಾತನಾಡಿಸಲಿ ಎನ್ನಿಸಿತೋ? ಇದು ಗೊತ್ತಾದ ಮೇಲೆಯೇ ಪದ. ಅದೂ ಒಂದನ್ನಲ್ಲ, ಎರಡನ್ನು ಮುಂದಿಡಬೇಕು. ‘ನಿನಗೆ ಅಸೂಯೆ’ ಎಂದು ದೊಡ್ಡವರು ಹಣೆಪಟ್ಟಿ ಹಚ್ಚಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ‘ಇದೋ, ಅದೋ’ ಎಂದು ಕೇಳಿದರೆ ಎರಡನ್ನೂ ತಳ್ಳಿಹಾಕುವ ಅವಕಾಶ ಅದಕ್ಕಿರುತ್ತದೆ, ಎಷ್ಟೋ ಸಲ ತಳ್ಳಿಯೂ ಹಾಕುತ್ತದೆ.

ವಿಜಯನಗರ 2ನೇ ಹಂತ
ಹೆಸರಿಟ್ಟ ಕೂಡಲೇ ಭಾವ ಅರ್ಧ ಇಳಿಯುತ್ತದೆ ಎಂದು ವಿಜ್ಞಾನವೇ ಹೇಳಿದೆಯಲ್ಲ. ಎಲ್ಲೋ ಓದಿದ್ದೆ.

ಆಪ್ತಸಲಹೆ
‘ಅರ್ಧ’ ಎಂದು ಯಾರೂ ಹೇಳಿಲ್ಲ ಸರ್. ನೀವು ಓದಿದ್ದು ಬಹುಶಃ 2007ರ ಲೀಬರ್‌ಮನ್ ಮತ್ತು ಸಂಗಡಿಗರ ಪ್ರಯೋಗದ ಬಗ್ಗೆ. ಕೋಪ, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ, ಮಿದುಳಿನ ಸ್ಕ್ಯಾನ್ ನಡೆಯುತ್ತಿರುವಾಗಲೇ ಆ ಭಾವದ ಹೆಸರನ್ನು ಆರಿಸಲು ಹೇಳಿದರು. ಅದೇ ಮುಖಕ್ಕೆ ಗಂಡಸಿನ ಹೆಸರೋ ಹೆಂಗಸಿನ ಹೆಸರೋ ಆರಿಸಿದಾಗ ಇದ್ದುದಕ್ಕಿಂತ, ಭಾವದ ಹೆಸರು ಆರಿಸಿದಾಗ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗಿತು. ಅದು ಪ್ರಯೋಗಾಲಯದಲ್ಲಿ, ಚಿತ್ರಗಳನ್ನು ನೋಡುತ್ತಿದ್ದಷ್ಟು ಹೊತ್ತಿನ ಮಾತು. ಮನೆಯಲ್ಲಿ ಮೂರು ದಿನ ಮುಖ ಊದಿಸಿಕೊಂಡ ಮಗುವಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ನನ್ನ ಅನುಭವದಲ್ಲಿ ಪದ ಸಿಕ್ಕಿದ್ದರಿಂದ ನೋವು ಅಷ್ಟೇನೂ ಕಡಿಮೆಯಾಗುವುದಿಲ್ಲ, ಮುಂದೆ ಏನು ಮಾಡಬೇಕು ಎಂಬುದು ತಿಳಿಯುತ್ತದೆ.

ಪದಬಂಧ
ಮಂಡ್ಯದಿಂದ. ನಿವೃತ್ತ. ಪತ್ನಿ ಹೋಗಿ ಒಂದು ವರ್ಷವಾಯಿತು. ಎದುರಾದವರೆಲ್ಲ ‘ಒಬ್ಬರೇ ಇರುವುದು ಬೇಜಾರಲ್ಲವೇ ಸರ್’ ಎನ್ನುತ್ತಾರೆ. ನನಗೆ ಬೇಜಾರಿಲ್ಲ. ಹೊತ್ತು ಹೋಗುತ್ತದೆ, ತೋಟವಿದೆ, ಗ್ರಂಥಾಲಯವಿದೆ. ದುಃಖವೂ ಈಗ ಮೊದಲಿನಷ್ಟಿಲ್ಲ. ಆದರೆ ಪತ್ರಿಕೆಯ ಪದಬಂಧದಲ್ಲಿ ಎಡದಿಂದ ಬಲಕ್ಕಿರುವುದು ಅವಳ ಪಾಲು, ಮೇಲಿನಿಂದ ಕೆಳಕ್ಕಿರುವುದು ನನ್ನದು ಎಂದಿತ್ತು. ಈಗಲೂ ನನ್ನ ಪಾಲನ್ನು ತುಂಬಿಸಿ ಮಡಚಿಡುತ್ತೇನೆ. ಅವಳ ಪಾಲಿಗೆ ಕೈ ಹಾಕುವುದಿಲ್ಲ. ಈ ಸ್ಥಿತಿಗೆ ‘ಒಂಟಿತನ’ ಎನ್ನಲು ಮನಸ್ಸು ಬರುವುದಿಲ್ಲ, ಏಕೆಂದರೆ ಬೇರೆ ಯಾರಾದರೂ ಬಂದು ಕುಳಿತರೆ ಅದು ಹೋಗುವುದಿಲ್ಲ.

ಪಾಂಡವಪುರದ ಹೊಲದಿಂದ
ಯಜಮಾನರೇ, ನಮ್ಮಲ್ಲಿ ಮನೆ ‘ಬಿಕೋ ಎನ್ನುತ್ತದೆ’ ಎನ್ನುತ್ತೇವೆ. ಹತ್ತು ಜನ ಇದ್ದರೂ ಇರಬೇಕಾದ ಒಬ್ಬರು ಇಲ್ಲದಿದ್ದರೆ ಬಿಕೋ ಎನ್ನುತ್ತದೆ. ನನ್ನ ತಂಗಿಯ ಮದುವೆಯಾದ ಮಾರನೆಯ ದಿನ ನೆಂಟರು ತುಂಬಿದ್ದ ಮನೆಗೇ ನಮ್ಮ ತಾಯಿ ಹಾಗೆಂದಿದ್ದರು.

ಪದಬಂಧ
ಹೌದು. ಅದೇ.

ಗೆಜ್ಜೆನಾದ
ನಾನು ಭರತನಾಟ್ಯ ಕಲಿಸುತ್ತೇನೆ. ನವರಸ ಎಲ್ಲರ ಬಾಯಲ್ಲೂ ಇದೆ, ಆದರೆ ನಮಗೆ ನಿಜವಾಗಿ ಕೆಲಸಕ್ಕೆ ಬರುವುದು ನಾಟ್ಯಶಾಸ್ತ್ರದ 33 ಸಂಚಾರಿ ಭಾವಗಳು. ಬಂದು ಹೋಗುವ ಸಣ್ಣ ಭಾವಗಳು ಅವು. ಅದರಲ್ಲಿ ‘ಅವಹಿತ್ಥ’ ಎಂದೊಂದಿದೆ, ನಾಚಿಕೆಗೋ ಅಂಜಿಕೆಗೋ ಒಳಗಿನದನ್ನು ಮುಚ್ಚಿಕೊಳ್ಳುವುದು. ಅಳು ಬಂದಾಗ ‘ಕಣ್ಣಿಗೆ ಕಸ ಬಿತ್ತು’ ಎನ್ನುತ್ತಾರಲ್ಲ, ಅದು. ಮುಚ್ಚುವುದನ್ನೂ ಒಂದು ಭಾವವೆಂದೇ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಇನ್ನೊಂದು ‘ಅಮರ್ಷ’. ವಿದ್ಯೆಯಲ್ಲೋ ಹಣದಲ್ಲೋ ಅಧಿಕಾರದಲ್ಲೋ ತನಗಿಂತ ಮೇಲಿನವರು ಅವಮಾನ ಮಾಡಿದಾಗ ಹುಟ್ಟುವಂಥದ್ದು. ಕ್ರೋಧವನ್ನು ಅವರು ಬೇರೆಯಾಗಿಯೇ ಇಟ್ಟಿದ್ದಾರೆ.

ಪಾಂಡವಪುರದ ಹೊಲದಿಂದ
ಅಮ್ಮಾ, ನೀವು ಹೇಳಿದ ಎರಡನೆಯದು ನನಗೆ ಚೆನ್ನಾಗಿ ಗೊತ್ತು, ಹೆಸರು ಗೊತ್ತಿರಲಿಲ್ಲ. ಪಹಣಿಯಲ್ಲಿ ನನ್ನ ತಂದೆಯ ಹೆಸರು ತಪ್ಪಾಗಿತ್ತೆಂದು ಒಂದು ಕಚೇರಿಗೆ ಹೋಗಿದ್ದೆ. ಮೇಜಿನ ಹಿಂದಿದ್ದವರು ನನ್ನ ಮಗನ ವಯಸ್ಸಿನವರು. ಮುಖ ಎತ್ತದೆ, ಬೆರಳಿನಲ್ಲೇ ‘ಆಚೆ ನಿಲ್ಲು’ ಎಂದು ತೋರಿಸಿದರು. ನಿಂತೆ. ಅರ್ಜಿಯನ್ನು ಸುರುಳಿ ಸುತ್ತಿ ಹಿಡಿದಿದ್ದೆ, ಬೆವರಿಗೆ ಕಾಗದ ಮೆತ್ತಗಾಗಿ ಶಾಯಿ ಅಂಗೈಗೆ ಹತ್ತಿಕೊಂಡಿತ್ತು. ಬರಿಯ ಕೋಪವಾಗಿದ್ದರೆ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದೆ. ಇದು ಹಾಗಲ್ಲ. ಕೆಲಸ ಅವರಿಂದಲೇ ಆಗಬೇಕು, ಆದ್ದರಿಂದ ಅವಡುಗಚ್ಚಿಕೊಂಡು ‘ಆಗಲಿ ಸ್ವಾಮಿ’ ಎನ್ನಬೇಕು. ಊರಿಗೆ ಬಂದು ಹೇಳಿದರೆ ‘ಹೋಗಲಿ ಬಿಡು, ಬೇಜಾರು ಮಾಡಿಕೊಳ್ಳಬೇಡ’ ಎಂದರು. ಆ ಮಾತಿಗೆ ಇನ್ನಷ್ಟು ಕುದಿಯಿತು.

ಆದರೆ ‘ಅಮರ್ಷ’ ಎಂದರೆ ನಮ್ಮೂರಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ‘ಒಳಗುದಿ’ ಎಂದರೆ ತಿಳಿಯುತ್ತದೆ.

ನಿಘಂಟು ಹುಳು
‘ಒಳಗುದಿ’ ಬಹಳ ಸರಿಯಾದ ಪದ. ಮುಚ್ಚಳ ಹಾಕಿದ ಪಾತ್ರೆಯ ಕುದಿತ ಅದು. ಸಿಟ್ಟು ಹೊರಗೆ ಬರಲಾಗದು ಎಂಬ ಸಂಗತಿ ಪದದೊಳಗೇ ಇದೆ.

ಗೆಜ್ಜೆನಾದ
ಸಣ್ಣ ಭಿನ್ನಾಭಿಪ್ರಾಯ. ಒಳಗುದಿ ಯಾವ ಕಾರಣಕ್ಕಾದರೂ ಬರಬಹುದು, ಮಗಳ ಮದುವೆಯ ಚಿಂತೆಗೂ ಒಳಗುದಿ ಎನ್ನುತ್ತಾರೆ. ಅಮರ್ಷದಲ್ಲಿ ಮೇಲಿನವರು, ಕೆಳಗಿನವರು ಎಂಬುದು ಇರಲೇಬೇಕು. ಜೊತೆಗೆ ಇದಕ್ಕೆ ಉತ್ತರ ಕೊಟ್ಟೇ ತೀರುತ್ತೇನೆ ಎಂಬ ಹಟವೂ ಅದರಲ್ಲಿದೆ.

ಪಾಂಡವಪುರದ ಹೊಲದಿಂದ
ಹಟ ಇತ್ತು. ಪಹಣಿ ಸರಿಮಾಡಿಸಿಕೊಂಡೇ ಬಂದೆ.

ಕುವೆಂಪುನಗರದ ಅಮ್ಮ
ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಸಂಜೆ ಬಸ್ಸಿನ ಪ್ರಸಂಗವನ್ನು ಎತ್ತಿಕೊಂಡೆ. ಚಪಾತಿ ಲಟ್ಟಿಸುತ್ತಾ, ಅವಳ ಮುಖ ನೋಡದೆ ಕೇಳಿದೆ: ‘ಅವಳ ಮೇಲೆ ಬೇಜಾರೋ, ಅಥವಾ ಅವಳು ನಿನ್ನನ್ನು ಬಿಟ್ಟಳು ಎಂದು ಬೇಜಾರೋ?’ ಎರಡೂ ಅಲ್ಲ ಎಂದಳು. ಮೈಗೆ ಏನಾಯಿತು ಎಂದರೆ, ಕಿವಿ ಬಿಸಿಯಾಯಿತು ಎಂದಳು. ಆಮೇಲೆ ಹೇಳಿದಳು: ಸೀಟು ಹಿಡಿದಿರುತ್ತಾಳೆ ಎಂದು ಎಲ್ಲರನ್ನೂ ದಾಟಿಕೊಂಡು ಹಿಂದಿನವರೆಗೆ ಹೋದಳಂತೆ. ಅಲ್ಲಿ ಜಾಗವಿರಲಿಲ್ಲ. ಅಷ್ಟೂ ಜನರ ಎದುರು ತಿರುಗಿ ಮುಂದಕ್ಕೆ ಬಂದು ಕಂಬಿ ಹಿಡಿದು ನಿಲ್ಲಬೇಕಾಯಿತು. ಕಿಟಕಿಯ ಆಚೆ ಏನೋ ಇದೆ ಎನ್ನುವಂತೆ ನೋಡುತ್ತಾ ನಿಂತಳಂತೆ.

ಇದು ಮುಜುಗರವೇ, ಅವಮಾನವೇ?

ಮದ್ದೂರು ಮೇಷ್ಟ್ರು
ಸ್ಪಷ್ಟವಾಗಿ ಅವಮಾನ.

ನಿಘಂಟು ಹುಳು
ಅವಮಾನಕ್ಕೆ ಮಾಡುವವರು ಒಬ್ಬರು ಬೇಕು ಮೇಷ್ಟ್ರೇ. ಆ ಗೆಳತಿ ಇವಳನ್ನು ನೋಡಿದಳೋ ಇಲ್ಲವೋ. ಮುಜುಗರವೂ ಪೂರ್ತಿ ಹೊಂದುವುದಿಲ್ಲ. ಸಭೆಯಲ್ಲಿ ಅತಿಯಾಗಿ ಹೊಗಳಿದರೂ ಮುಜುಗರವಾಗುತ್ತದೆ, ಅಲ್ಲಿ ಏನನ್ನೂ ನಿರೀಕ್ಷಿಸಿರುವುದಿಲ್ಲ. ಇವಳು ಖಂಡಿತ ಸೀಟು ಇದೆ ಎಂದು ನಂಬಿ ಹೋದಳು, ನಾಲ್ಕು ಜನರ ಎದುರು ಆ ನಂಬಿಕೆ ಸುಳ್ಳಾಯಿತು. ಅದಕ್ಕೆ ‘ಪೆಚ್ಚಾಗುವುದು’ ಎನ್ನುತ್ತಾರೆ. ನಂಬಿದ್ದು ಬೇಕು, ನೋಡುವವರೂ ಬೇಕು, ಆಗ ಪೆಚ್ಚು. ಯಾರೂ ನೋಡದಿದ್ದರೆ ಅದು ಬರೀ ನಿರಾಸೆ.

ಗೆಜ್ಜೆನಾದ
ಕಿಟಕಿಯ ಆಚೆ ನೋಡಿದ್ದು ಅವಹಿತ್ಥ! ವೇದಿಕೆಯ ಮೇಲೆ ಇದನ್ನು ತರಲು ನನ್ನ ವಿದ್ಯಾರ್ಥಿನಿಯರು ಎಷ್ಟು ಒದ್ದಾಡುತ್ತಾರೆ.

ಆಪ್ತಸಲಹೆ
ಮಗುವಿನ ಮುಂದೆ ಮುಜುಗರ, ಪೆಚ್ಚು ಎರಡನ್ನೂ ಇಡಿ, ಅವಳೇ ಆರಿಸಲಿ. ಯಾವುದು ಎಂಬುದರ ಮೇಲೆ ಮುಂದಿನ ದಾರಿ ಬದಲಾಗುತ್ತದೆ. ಮುನಿಸಾಗಿದ್ದರೆ ಗೆಳತಿ ಬಂದು ರಮಿಸಬೇಕು, ಇಲ್ಲವೇ ಇವಳೇ ಹೋಗಿ ಕೇಳಬೇಕು. ಪೆಚ್ಚಾಗಿದ್ದರೆ ಗೆಳತಿಯನ್ನು ತಪ್ಪಿತಸ್ಥಳನ್ನಾಗಿ ನಿಲ್ಲಿಸಿ ಕೇಳುವುದರಿಂದ ಇನ್ನೊಂದು ಸಲ ಪೆಚ್ಚಾಗುತ್ತಾಳೆ ಅಷ್ಟೇ. ಮರುದಿನ ಬಸ್ ಹತ್ತಿದಾಗ ಎಲ್ಲಿ ಕೂರುವುದು ಎಂಬುದಕ್ಕೊಂದು ವ್ಯವಸ್ಥೆ ಸಾಕು.

ಕುವೆಂಪುನಗರದ ಅಮ್ಮ
‘ಪೆಚ್ಚು’ ಎಂದ ಕೂಡಲೇ ನಕ್ಕುಬಿಟ್ಟಳು. ಅದೇ ಎಂದಳು. ಇವತ್ತು ನಮ್ಮ ಬೀದಿಯ ಹುಡುಗಿಯ ಜೊತೆ ಮುಂದಿನ ಸೀಟಿನಲ್ಲಿ ಕುಳಿತು ಹೋದಳು. ಗೆಳತಿಯ ಜೊತೆ ಜಗಳವೇನೂ ಆಗಿಲ್ಲ. ಆದರೆ ಗಣಿತದ ಬೇಜಾರು ಇನ್ನೂ ಬಿಡಿಸಲಾಗಿಲ್ಲ, ಅದನ್ನು ಕೇಳಿದರೆ ‘ಗೊತ್ತಿಲ್ಲಮ್ಮ’ ಎನ್ನುತ್ತಾಳೆ.

ಆಪ್ತಸಲಹೆ
ಬಿಡಿಸದಿದ್ದರೂ ಪರವಾಗಿಲ್ಲ, ಎಲ್ಲವನ್ನೂ ವಿಚಾರಣೆ ಮಾಡಬೇಡಿ. ಒಂದು ವಿಷಯ ಮಾತ್ರ ಓದುತ್ತಿರುವ ಎಲ್ಲರಿಗೂ ಹೇಳಬೇಕು. ಬೇಜಾರು ಎನ್ನುವ ಮಗುವಾಗಲಿ ದೊಡ್ಡವರಾಗಲಿ, 2 ವಾರದಿಂದ ಹೆಚ್ಚುಕಡಿಮೆ ಪ್ರತಿದಿನ ಹಾಗೆಯೇ ಇದ್ದು, ನಿದ್ದೆ, ಹಸಿವು ಕೆಟ್ಟು, ಇಷ್ಟದ ಕೆಲಸವೂ ಬೇಡವಾಗಿದ್ದರೆ ಅಲ್ಲಿ ಪದ ಹುಡುಕುತ್ತಾ ಕೂರಬಾರದು, ವೈದ್ಯರಿಗೆ ತೋರಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತನಾಡುತ್ತಾರೆ. ಮೇಷ್ಟ್ರೇ, ನಿಮ್ಮ ಪಟ್ಟಿಯಲ್ಲಿ ‘ಖಿನ್ನತೆ’ ಇದೆ. ಅದನ್ನು ಒಂದು ಸಂಜೆಯ ಮಂಕಿಗೆ ಬಳಸಲು ಮಕ್ಕಳಿಗೆ ಕಲಿಸದಿದ್ದರೆ ಒಳ್ಳೆಯದು. ಅದು ಈಗ ಕಾಯಿಲೆಯ ಹೆಸರು.

ಮದ್ದೂರು ಮೇಷ್ಟ್ರು
ಆ ಮಾತು ಒಪ್ಪಿದೆ. ಆದರೆ ಎಲ್ಲರೂ ನೋವಿನ ಕಡೆಯೇ ನೋಡುತ್ತಿದ್ದೀರಿ. ‘ಖುಷಿ’ ಮಾಡಿರುವ ಅನಾಹುತವೇನು ಕಡಿಮೆಯೇ? ಪರೀಕ್ಷೆ ಮುಗಿದಾಗ ಆಗುವುದು ನಿರಾಳ. ಮಗ ಗೆದ್ದಾಗ ಆಗುವುದು ಹಿಗ್ಗು. ದಸರೆಯ ಮೈಸೂರಿನಲ್ಲಿ ಇರುವುದು ಸಡಗರ, ಅದು ಒಬ್ಬನೇ ಕೋಣೆಯಲ್ಲಿ ಕುಳಿತರೆ ಬರುವುದಿಲ್ಲ, ಜನ ಬೇಕು, ಓಡಾಟ ಬೇಕು. ನಮ್ಮ ಮಕ್ಕಳು ಮೂರಕ್ಕೂ ‘ಖುಷಿಯಾಯಿತು’ ಎಂದೇ ಬರೆಯುತ್ತಾರೆ.

ನಿಘಂಟು ಹುಳು
ಇದಕ್ಕೆ ನನ್ನ ಪೂರ್ಣ ಒಪ್ಪಿಗೆ.

ಶ್ರೀರಂಗಪಟ್ಟಣದ ಅಕ್ಕ
ನನ್ನದೊಂದು ಪ್ರಶ್ನೆ. ನನ್ನ ಓರಗಿತ್ತಿಯ ಮಗನಿಗೆ ಒಳ್ಳೆಯ ಕಡೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ನನ್ನ ಮಗನಿಗೆ ಆಗಲಿಲ್ಲ. ಆ ಹುಡುಗನನ್ನೂ ನಾನೇ ಎತ್ತಿ ಆಡಿಸಿದ್ದು. ಸಂತೋಷ ನಿಜವಾಗಿಯೂ ಆಯಿತು, ಮೈಸೂರ್ ಪಾಕ್ ಮಾಡಿ ಕೊಟ್ಟೆ. ರಾತ್ರಿ ಮಾತ್ರ ಕರುಳು ಹಿಂಡಿದ ಹಾಗಾಗಿ ನಿದ್ದೆ ಬರಲಿಲ್ಲ. ಇದು ಹೊಟ್ಟೆಕಿಚ್ಚೇ? ಹಾಗೆಂದುಕೊಳ್ಳಲು ನನಗೆ ಬಹಳ ಸಂಕಟ.

ಧಾರವಾಡದಿಂದ ಮೈಸೂರಿಗೆ
ಖಂಡಿತ ಅಲ್ಲ ಅಕ್ಕ. ಹೊಟ್ಟೆಕಿಚ್ಚಿನವರು ಸಿಹಿ ಮಾಡಿ ಕೊಡುವುದಿಲ್ಲ.

ವಿಜಯನಗರ 2ನೇ ಹಂತ
ಕೊಡುತ್ತಾರೆ, ನೋಡಿದ್ದೇನೆ.

ನಿಘಂಟು ಹುಳು
ಅಕ್ಕ, ರಾತ್ರಿ ಮನಸ್ಸಿಗೆ ಬಂದ ಮಾತು ಯಾವುದು ಎಂದು ನೋಡಿಕೊಳ್ಳಿ. ‘ಅವನಿಗೆ ಸಿಕ್ಕಿತಲ್ಲ’ ಎಂದಿದ್ದರೆ ಅದು ಕರುಬು. ಕರುಬುವವರಿಗೆ ಎದುರಿನವರ ಕೈಯಲ್ಲಿರುವುದು ಜಾರಿದರೆ ಸಮಾಧಾನ. ‘ನನ್ನ ಮಗನಿಗೆ ಸಿಗಲಿಲ್ಲವಲ್ಲ’ ಎಂದಿದ್ದರೆ ಅದು ಕೊರಗು. ಓರಗಿತ್ತಿಯ ಮಗನ ಸೀಟು ನಾಳೆ ತಪ್ಪಿಹೋದರೂ ಆ ಕೊರಗು ಇಳಿಯುವುದಿಲ್ಲ.

ಶ್ರೀರಂಗಪಟ್ಟಣದ ಅಕ್ಕ
ಎರಡನೆಯ ಮಾತೇ ಬಂದದ್ದು. ಒಮ್ಮೊಮ್ಮೆ ಮೊದಲನೆಯದೂ ಬಂತು, ಸುಳ್ಳು ಹೇಳುವುದಿಲ್ಲ.

ಆಪ್ತಸಲಹೆ
ಎರಡೂ ಒಟ್ಟಿಗೆ ಇರಬಹುದು ಅಕ್ಕ, ಸಂತೋಷವೂ ಸೇರಿ ಮೂರು. ಇವುಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಎಂದೇನಿಲ್ಲ. ಮಗನ ಎದುರು ಮಾತ್ರ ಆ ಸೀಟಿನ ಮಾತನ್ನು ಸ್ವಲ್ಪ ದಿನ ಎತ್ತಬೇಡಿ. ಅವನ ಕೊರಗು ಅವನಿಗೂ ಇರುತ್ತದೆ.

ನಿಘಂಟು ಹುಳು
ಮೂರೂ ಸೇರಿದ್ದಕ್ಕೆ ಕನ್ನಡದಲ್ಲಿ ಒಂದು ಪದ ಇದೆಯೇ ಎಂದು ಯೋಚಿಸುತ್ತಿದ್ದೇನೆ. ಕಸಿವಿಸಿ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಸಂತೋಷವಿಲ್ಲ.

ಪದಬಂಧ
ಎಷ್ಟು ಅಕ್ಷರ ಎಂದು ಹೇಳಿದರೆ ನಾನೂ ಯೋಚಿಸಬಲ್ಲೆ.

ಮದ್ದೂರು ಮೇಷ್ಟ್ರು
ಸೋಮವಾರ ನನ್ನ 9ನೇ ತರಗತಿಯವರಿಗೆ ಒಂದು ಕೆಲಸ ಕೊಡುತ್ತೇನೆ. ಮನೆಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದ ‘ಬೇಜಾರು’ಗಳನ್ನು ಹಿಂದೆ ಮುಂದೆ ಇದ್ದ ಮಾತಿನ ಸಮೇತ ಬರೆದು ತರಬೇಕು. ‘ಮೇಲೆ’ ಬಂದ ಕಡೆಯೆಲ್ಲ ಮುನಿಸೇ ಇರುತ್ತದೆ ಎಂಬ ಮಾತು ನನಗೆ ಇನ್ನೂ ಅನುಮಾನ. ‘ಜೀವನದ ಮೇಲೆ ಬೇಜಾರು’ ಎನ್ನುತ್ತಾರಲ್ಲ, ಅಲ್ಲಿ ಯಾರ ಜೊತೆ ಮುನಿಸು? ಸಿಕ್ಕಿದ್ದನ್ನು ಇಲ್ಲಿ ಹಾಕುತ್ತೇನೆ, ಆಗ ವಾದ ಮುಂದುವರಿಸೋಣ.